ಬಸ್ ಹಿಂದ ಎರಡು ಬೆರಳು ಎತ್ತರಿಸಿದ ಮ್ಯಾಲೆ ಶಾಕ್ ಉಳೀವಲ್ಲವು. ಹವಾ ತೆಗೆದು ಪಾಟಾ ಹಾಕಲೇನು?

ಎರಡು ಬಸ್ಸಿನ ಮಾಲಕ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ನನ್ನ ಹತ್ರ ಎರಡು ಗಾಡಿ ಅವ. ಒಂದು ಹಳೇದು, ಮುಂದ ಇಂಜಿನ್, ಉಕ್ಕಿನ ಪಾಟಾ ಸಸ್ಪೆನ್ಶನ್. ಗಾಣಗಾಪುರ ಹುಣ್ಣಿಮಿ-ಅಮಾಸಿ ಟ್ರಿಪ್, ಮದುವಿ ದಿಬ್ಬಣ, ಇವಕ್ಕ ಓಡ್ತದ. ಇನ್ನೊಂದು 12 ಮೀಟರ್ ಸ್ಲೀಪರ್, ಹಿಂದ ಇಂಜಿನ್, ನಾಲ್ಕೂ ಕಡಿ ಪಾಟಾ ಬದಲಿ ಹವಾ ತುಂಬೋ ರಬ್ಬರ್ ಬೆಲ್ಲೋ. ಸೆಕೆಂಡ್‌ಹ್ಯಾಂಡ್ ತಗೊಂಡು ಒಂದೂವರಿ ವರ್ಷ ಆಯ್ತು. ಜೇವರ್ಗಿ, ಶಹಾಪುರ ಮ್ಯಾಲಿಂದ ಬೆಂಗಳೂರಿಗೆ ಹೋಗ್ತದ.

ಹಾದಿಯೊಳಗ ಒಂದು ಊರಿನ ಹಂಪ್ ಹ್ಯಾಂಗ ಕಟ್ಯಾರಂದ್ರ, ಗಾಡಿ ಬಾಲ ಪ್ರತಿ ಸಲ ನೆಲಕ್ಕ ತಿಕ್ಕತಿತ್ತು. ಒಂದು ಗ್ಯಾರೇಜಿನವರು ಹಿಂದಿನ ಲೆವೆಲಿಂಗ್ ವಾಲ್ವಿನ ಲಿಂಕ್ ರಾಡ್ ಉದ್ದ ಮಾಡಿ ಎರಡು ಬೆರಳು, ಅಂದ್ರ 40 ಮಿ.ಮೀ. ಎತ್ತಿ ಕೊಟ್ರು. ಹಂಪಿಗಿ ತಿಕ್ಕೋದು ನಿಂತು ಹೋಯ್ತು, ಅಲ್ಲಿಗೆ ಖುಷಿ ಆತು. ಆದ್ರ ಆಮ್ಯಾಲಿಂದ ಮೂರು ತ್ರಾಸ ಸುರು ಆಗ್ಯಾವ. ನಾಲ್ಕು ತಿಂಗಳದಾಗ ಹಿಂದಿನ ಶಾಕ್ ಅಬ್ಸಾರ್ಬರ್ ಮೂರು ಹೋದ್ವು. 70 ದಾಟಿದ್ರ ಹಿಂದಿನ ಸೀಟಿಗಿ ಜುಂ ಅಂತ ನಡುಕ ಬರ್ಲತ್ತದ. ಮತ್ತ ರಾತ್ರಿ ನಿಲ್ಲಿಸಿದ್ರ ಮುಂಜಾನಿ ಎಡಗಡಿ ಹಿಂದ ಕುಂತಿರ್ತದ. ಮಿಸ್ತ್ರಿ "ಹಿಂದಿನ ನಾಲ್ಕೂ ಬೆಲ್ಲೋ ಹೊಸಾವು ಹಾಕ್ರಿ, ಇಲ್ಲಾಂದ್ರ ಹವಾ ತೆಗೆದು ಪಾಟಾ ಕೂಡಿಸ್ಕೊಡ್ತೀನಿ" ಅಂತಾನ. ತಿಳದವ್ರು ಹೇಳ್ರಿ, ಏನ್ ಮಾಡಬೇಕು?

ಸುರಪುರದ ಡ್ರೈವರ್

ಪಾಟಾ ಹಾಕ್ರಿ ಸುಮ್ನ. ಇಪ್ಪತ್ತೆರಡು ವರ್ಷ ಆಯ್ತು ಸ್ಟೇರಿಂಗ್ ಹಿಡಿದು. ಮೇನ್ ಪಾಟಾ ಮುರದ್ರೂ ನಡುವ ಕಟ್ಟಿಗಿ ತುರುಕಿ, ಹಗ್ಗ ಬಿಗದು ಊರು ಮುಟ್ಟಿಸೀನಿ. ಹವಾ ಹೋದ್ರ ಅಲ್ಲೇ ನಿಂತೆ. ಮ್ಯಾಲೆ ಬ್ರೇಕಿಗೂ ಅದೇ ಹವಾ ಅಲ್ಲೇನು? ಬೆಲ್ಲೋ ಒಡದ್ರ ಬ್ರೇಕೂ ಹೋಗ್ತದ.

ಶೋಕಿ ಕಾರು

ನಂದೂ ಇದೇ ಪ್ರಾಬ್ಲಂ ಅಣ್ಣಾ! ಹೈದರಾಬಾದಿನಿಂದ ಜರ್ಮನ್ ಸೆಡಾನ್ ಒಂದು ಸೆಕೆಂಡ್‌ಹ್ಯಾಂಡ್ ತಂದೀನಿ. ಮುಂಜಾನಿ ಮುಂದಿನ ಬಲಗಡಿ ಗಾಲಿ ಮಡ್‌ಗಾರ್ಡಿನೊಳಗ ಹೊಕ್ಕಿರ್ತದ. ಕಂಪ್ರೆಸರ್ ಹೊಸಾದು ಹಾಕಿಸ್ದೆ, ಆರು ತಿಂಗಳಿಗಿ ಮತ್ತ ಸುಟ್ಟುಹೋಯ್ತು. ಯಾವ ಕಂಪನಿ ಕಂಪ್ರೆಸರ್ ಚಲೋ?

ಹಳೇ ಮಿಸ್ತ್ರಿ (ಹುಮನಾಬಾದ್)

ಮಾಲಕರೇ, ರೊಕ್ಕ ಖರ್ಚು ಮಾಡೋ ಮೊದಲ ಒಂದು ಹೇಳ್ರಿ. ಆ ಮೂರು ಶಾಕ್ ಹ್ಯಾಂಗ ಹೋದ್ವು? ಎಣ್ಣಿ ಸೋರಿ ಮೆತ್ತಗ ಆದ್ವೋ, ಮ್ಯಾಲಿನ ಕಿವಿ ಕಿತ್ತು ಬಂದ್ವೋ? ಹಳೇವು ಗ್ಯಾರೇಜಿನಾಗ ಬಿದ್ದಿದ್ರ ಹೋಗಿ ನೋಡ್ಕೊಂಡು ಬರ್ರಿ.

ಡ್ರೈವರ್ ಸಾಹೇಬ್ರ, ಬ್ರೇಕಿನ ಮಾತು ಪೂರಾ ಖರೇ ಅಲ್ಲ. ಕಂಪ್ರೆಸರ್ ಒಂದೇ, ಟಾಕಿ ಬ್ಯಾರೆ. ನಡುವ ಇರೋ ವಾಲ್ವು ಮೊದಲ ಬ್ರೇಕಿನ ಟಾಕಿ ತುಂಬಸ್ತದ, ಅದು ತುಂಬತಾ ಬಂದ ಮ್ಯಾಲೇ ಸಸ್ಪೆನ್ಶನ್ನಿಗಿ ಹಾದಿ ಬಿಡ್ತದ. ಬೆಲ್ಲೋ ಒಡದ್ರೂ ಬ್ರೇಕಿಗಿ ಒಂದು ಮಟ್ಟದ ಹವಾ ಹಿಡದಿಟ್ಟಿರ್ತದ. ಆ ವಾಲ್ವೇ ಕೆಟ್ಟಿದ್ರ ಮಾತು ಬ್ಯಾರೆ. ಅದಕ್ಕೇ ಮುಂಜಾನಿ ಸುರು ಮಾಡಿದ ಕೂಡ್ಲೇ ಬಸ್ ಏಳಂಗಿಲ್ಲ. ಮೀಟರ್ ಮುಳ್ಳು ಮ್ಯಾಲೆ ಬಂದ ಮ್ಯಾಲೆ ಆನಿ ಎದ್ದಂಗ ಏಳ್ತದ. ಏಳೋ ಮೊದ್ಲೇ ಗಾಡಿ ತೆಗದ್ರ ಒಳಗಿನ ರಬ್ಬರ್ ಸ್ಟಾಪಿನ ಮ್ಯಾಲೆ ಚಾಸಿ ಕುಂತು ಓಡ್ತದ. ಬೆಲ್ಲೋ ಮಡಿಕಿ ಹರಿಯೋದು ಅಲ್ಲೇ.

ಕಿಟಕಿ ಸೀಟು

ನಾನು ಮಾಲಕಳೂ ಅಲ್ಲ, ಮಿಸ್ತ್ರಿನೂ ಅಲ್ಲ, ಬರೇ ಟಿಕೆಟ್ ತಗೊಂಡು ಮಲಗೋಳು. ಯಾದಗಿರಿಯಿಂದ ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗ್ತೀನಿ. ಪಾಟಾ ಬಸ್ಸಿನ ಹಿಂದಿನ ಬರ್ತಿನಾಗ ಮಲಗಿದ್ರ ಜೋಳ ಕೇರಿದಂಗ ಕೇರ್ತದ. ದಯವಿಟ್ಟು ಹವಾ ತೆಗೀಬ್ಯಾಡ್ರಿ. ಒಂದು ವಿಚಿತ್ರ ಹೇಳ್ತೀನಿ, ಅದೇ ಪಾಟಾ ಬಸ್ಸು ಫುಲ್ ಇದ್ದಾಗ ಅಷ್ಟು ಕೇರಂಗಿಲ್ಲ. ಖಾಲಿ ಇದ್ರೇ ಜಾಸ್ತಿ. ಯಾಕ?

ಬೀದರ್ ಮೇಡಂ

ಕಿಟಕಿ ಸೀಟಿನವರು ಗಮನಿಸಿದ್ದು ಸರಿಯಾಗಿದೆ. ನಾನು ಡಿಪ್ಲೊಮಾ ಮಕ್ಕಳಿಗೆ ಆಟೊಮೊಬೈಲ್ ಪಾಠ ಮಾಡುತ್ತೇನೆ. ಇಡೀ ಚರ್ಚೆಯ ಗಂಟು ಆ ಪ್ರಶ್ನೆಯಲ್ಲೇ ಇದೆ.

ಲೆಕ್ಕಕ್ಕೆ ಒಂದು ಬಸ್ಸು ಹಿಡಿಯೋಣ. ಖಾಲಿ ಇದ್ದಾಗ ಹಿಂದಿನ ಪಾಟಾಗಳ ಮೇಲೆ 5 ಟನ್, ಜನ ಮತ್ತು ಲಗೇಜು ತುಂಬಿದಾಗ 8 ಟನ್. ಉಕ್ಕಿನ ಪಾಟಾದ ಗಡಸು ಒಂದೇ, ಅದು ಭಾರ ನೋಡಿ ಬದಲಾಗುವುದಿಲ್ಲ. 8 ಟನ್ನಿಗೆ 10 ಸೆಂ.ಮೀ. ಬಗ್ಗುವ ಪಾಟಾ 5 ಟನ್ನಿಗೆ ಆರು ಚಿಲ್ಲರೆ ಸೆಂ.ಮೀ. ಬಗ್ಗುತ್ತದೆ. ಬಗ್ಗು ಎಷ್ಟು ಕಡಿಮೆಯೋ ಕುಣಿತ ಅಷ್ಟು ಚುರುಕು. ತುಂಬಿದಾಗ ನಿಮಿಷಕ್ಕೆ ಸುಮಾರು 95 ಸಲ ಕುಣಿಯುವ ಗಾಡಿ ಖಾಲಿಯಾದಾಗ 120 ಸಲ ಕುಣಿಯುತ್ತದೆ. ಮೆತ್ತಗೆ ಮಾಡೋಣವೆಂದು ಪಾಟಾ ಕಡಿಮೆ ಮಾಡಿದರೆ ತುಂಬಿದ ಗಾಡಿ ಇನ್ನಷ್ಟು ಕುಗ್ಗಿ ನೆಲ ಹಿಡಿಯುತ್ತದೆ. ಉಕ್ಕಿನಲ್ಲಿ ಈ ಎರಡನ್ನೂ ಒಟ್ಟಿಗೆ ಗೆಲ್ಲಲು ಆಗುವುದಿಲ್ಲ.

ಹವಾದಲ್ಲಿ ಭಾರ ಹೆಚ್ಚಿದರೆ ಲೆವೆಲಿಂಗ್ ವಾಲ್ವ್ ಅಷ್ಟು ಗಾಳಿ ಸೇರಿಸುತ್ತದೆ. ಭಾರದ ಜೊತೆಗೇ ಗಡಸೂ ಏರುತ್ತದೆ, ಎತ್ತರ ಇದ್ದಲ್ಲೇ ಇರುತ್ತದೆ. ಹಾಗಾಗಿ ಖಾಲಿಯೋ ತುಂಬಿದೆಯೋ, ಕುಣಿತ ಹೆಚ್ಚುಕಡಿಮೆ ಅದೇ, ನಿಮಿಷಕ್ಕೆ 70ರ ಆಸುಪಾಸು.

ಟರ್ಬೊ ತಮ್ಮ

ಮೇಡಂ ಸರಿ ಹೇಳ್ಯಾರ. ಅದಕ್ಕೇ ಮಾಲಕರ ಶಾಕ್ ಒಡೀಲತ್ತಾವ. 40 ಎಂ.ಎಂ. ಎತ್ತರ ಮಾಡಿದ್ರ ಬೆಲ್ಲೋದಾಗ ಪ್ರೆಷರ್ ಏರ್ತದ, ಪ್ರೆಷರ್ ಏರಿದ್ರ ಗಟ್ಟಿ ಆಗ್ತದ, ಗಟ್ಟಿ ಆದ್ರ ಹೊಡ್ತ ಎಲ್ಲಾ ಶಾಕಿಗಿ. ಎತ್ತರ ಇಳಸ್ರಿ, ಸರಿ ಆಗ್ತದ. ಸಿಂಪಲ್.

ಹಳೇ ಮಿಸ್ತ್ರಿ (ಹುಮನಾಬಾದ್)

ಔಷಧ ಸರಿ ಅದ ತಮ್ಮಾ, ರೋಗ ತಪ್ಪು ಹೇಳ್ದಿ. ಬೆಲ್ಲೋ ಲೈನಿಗಿ ಒಂದು ಗೇಜ್ ಹಚ್ಚಿ ನೋಡು. ಬಸ್ ತೂಕ ಬದಲಾಗಿಲ್ಲ, ಬೆಲ್ಲೋ ಅಗಲ ಹೆಚ್ಚುಕಮ್ಮಿ ಅಷ್ಟೇ ಅದ, ಅಂದ ಮ್ಯಾಲೆ ಪ್ರೆಷರ್ ಯಾಕ ಏರಬೇಕು? ಒಂದು ಬೆಲ್ಲೋ ಮ್ಯಾಲೆ 1,500 ಕೆ.ಜಿ. ಕುಂತದ, ಹವಾ ಒತ್ತೋ ಜಾಗ 480 ಚದರ ಸೆಂ.ಮೀ. ಅಂತ ಹಿಡಿ. ಚದರ ಸೆಂ.ಮೀ.ಗೆ 3 ಕೆ.ಜಿ.ಗಿಂತ ಸೊಲ್ಪ ಮ್ಯಾಲೆ ಬರ್ತದ. ಎತ್ತಿದ್ರೂ ಅಷ್ಟೇ, ಇಳಿಸಿದ್ರೂ ಅಷ್ಟೇ. ಏರೋದು ಹವಾದ ಪ್ರಮಾಣ, ಪ್ರೆಷರ್ ಅಲ್ಲ. ಜನ ಹತ್ತಿದ್ರ ಮಾತ್ರ ಪ್ರೆಷರ್ ಏರ್ತದ.

ನಮ್ಮ ಹುಡುಗ್ರಿಗೂ ಇದು ತಲಿಗಿ ಹೋಗಬೇಕಂದ್ರ ಗೇಜ್ ತೋರಿಸ್ಲೇಬೇಕಾಗ್ತದ. ಟ್ಯೂಬಿಗಿ ಹವಾ ಹೊಡದ ರೂಢಿ, ಹೊಟ್ಟಿ ಉಬ್ಬಿದ್ರ ಬಿಗಿ ಆಯ್ತು ಅಂತಾರ.

ಎರಡು ಬಸ್ಸಿನ ಮಾಲಕ (ಕಲಬುರಗಿ)

ಹೋಗಿ ನೋಡಿ ಬಂದೆ ಮಿಸ್ತ್ರಿ ಕಾಕಾ. ಎರಡು ಶಾಕ್ ಮ್ಯಾಲಿನ ಕಿವಿ ಕಿತ್ತು ಬಂದಾವ. ಮೂರನೇದು ಕೆಳಗಿನ ಬುಷ್ ಹರದು ಬೋಲ್ಟ್ ಬಗ್ಗ್ಯದ. ಎಣ್ಣಿ ಎಲ್ಲೂ ಸೋರಿಲ್ಲ, ಒಳಗ ಇನ್ನೂ ಗಟ್ಟಿ ಅವ. ಹೊಸಾವು ಸುಮ್ನ ಹಾಳಾದ್ವು.

ಹಳೇ ಮಿಸ್ತ್ರಿ (ಹುಮನಾಬಾದ್)

ಅಲ್ಲಿಗೆ ಉತ್ರ ಸಿಕ್ತು. ಮುಪ್ಪಿನಿಂದ ಸತ್ತ ಶಾಕ್ ಎಣ್ಣಿ ಸೋರಿ ಸಾಯ್ತದ. ಕಿವಿ ಕಿತ್ತು ಬಂತಂದ್ರ ಅದನ್ನ ಎಳದು ಕೊಂದಾರ.

ಪಾಟಾ ಗಾಡಿಯೊಳಗ ಆಕ್ಸಲ್ ಕೆಳಗ ಜೋತು ಬಿದ್ರ ಪಾಟಾನೇ ಹಿಡ್ಕೊಂತದ. ಬೆಲ್ಲೋ ರಬ್ಬರಿನ ಚೀಲ, ಅದು ಮ್ಯಾಲೆ ಹೊರ್ತದ ಹೊರತು ಕೆಳಗ ಹೋಗೋದನ್ನ ತಡಿಯಂಗಿಲ್ಲ. ನಿಮ್ಮಂಥ ಭಾಳ ಗಾಡಿಯೊಳಗ ಆ ಕೆಲಸ ಶಾಕಿಂದೇ. ಪೂರಾ ಉದ್ದ ಆಗಿ "ಇನ್ನ ಸಾಕು" ಅಂತ ಜಗ್ಗಿ ಹಿಡಿಯೋದು ಅದು. ಕಂಪನಿ ಇಟ್ಟ ಎತ್ತರಕ್ಕ ಶಾಕ್ ಇನ್ನೂ ಒಂದು 80-90 ಮಿ.ಮೀ. ಚಾಚೋ ಹಂಗ ಜಾಗ ಬಿಟ್ಟಿರ್ತಾರ. ನೀವು 40 ಮೊದ್ಲೇ ತಿಂದ್ರಿ, ಉಳದದ್ದು ಅರ್ಧ. ಹಂಪ್ ಇಳೀವಾಗ ಗಾಲಿ ಕೆಳಗ ಬೀಳ್ತದಲ್ಲ, ಆಗ ಆಕ್ಸಲ್ಲಿನ ಪೂರಾ ತೂಕ ಶಾಕಿನ ಕಿವಿಗಿ ಹಗ್ಗಕ್ಕ ಹೊಡದಂಗ ಹೊಡೀತದ. ಎತ್ತರಿಸಿದ್ದು ಹಂಪಿನ ಸಲುವಾಗಿ, ಶಾಕ್ ಮುರದದ್ದೂ ಅದೇ ಹಂಪಿನೊಳಗ.

ಹಿಂದಿನದು ಒಂದೇ ಎತ್ತಿದ್ರ ಇನ್ನೊಂದು ಆಗ್ತದ. ಎರಡು ಗಾಲಿ ನಡುವ 6.2 ಮೀಟರ್, ಬಾಲ 3.3 ಮೀಟರ್ ಹೊರಗ ಅಂತ ಹಿಡೀರಿ. ಆಕ್ಸಲ್ ಹತ್ರ 40 ಏರಿದ್ರ ಬಾಲದ ತುದಿ 60 ಏರ್ತದ. ನಿಮಗ ಹಂಪ್ ತಪ್ಪಿದ್ದು ಅದಕ್ಕೇ. ಆದ್ರ ಮೂತಿ 15-16 ಇಳೀತದ. ಮುಂದಿನ ಬಂಪರ್ ತಳಾ ನೋಡ್ರಿ, ಹೊಸಾ ಗೀರು ಬಿದ್ದಿರ್ತಾವ.

ಎರಡು ಬಸ್ಸಿನ ಮಾಲಕ (ಕಲಬುರಗಿ)

ಹೌದ್ರಿ! ಮುಂದ ಗೀರು ಬಿದ್ದಾವ. ನಾನು ಡ್ರೈವರಿಗಿ ಬೈದಿದ್ದೆ. ಪಾಪ.

ನಡುಕ?

ಹಳೇ ಮಿಸ್ತ್ರಿ (ಹುಮನಾಬಾದ್)

ಅದೂ ಅಲ್ಲಿಂದೇ ಅಂತೀನಿ. ಹಿಂದ ಇಂಜಿನ್ ಇದ್ದ ಗಾಡಿಗಿ ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗಿ ಹೋಗೋ ಶಾಫ್ಟ್ ಗಿಡ್ಡ, 60 ಸೆಂ.ಮೀ. ಇದ್ರ ಭಾಳ ಆತು. ಅದರ ಒಂದು ತುದಿ 40 ಮಿ.ಮೀ. ಏರಿತಂದ್ರ ಸುಮಾರು 4 ಡಿಗ್ರಿ ಓರೆ. ಮುಂದ ಇಂಜಿನ್ ಇದ್ದ ಗಾಡಿಯ ಎರಡು ಮೀಟರ್ ಶಾಫ್ಟಿಗಿ ಅದೇ 40 ಅಂದ್ರ ಒಂದೇ ಡಿಗ್ರಿ, ಗೊತ್ತೇ ಆಗಂಗಿಲ್ಲ. ಹಳೇ ಗಾಡಿ ಅಭ್ಯಾಸದ ಮ್ಯಾಲೆ ಕೆಲಸ ಮಾಡಿದವ್ರು ಇಲ್ಲೇ ಎಡವ್ತಾರ. ಜಾಯಿಂಟ್ ಕ್ರಾಸ್ ಬಿಚ್ಚಿ ಸೂಜಿ ಬೇರಿಂಗಿನ ಗುರುತು ನೋಡ್ರಿ.

ಟರ್ಬೊ ತಮ್ಮ

ಒಪ್ಪಂಗಿಲ್ಲ ಕಾಕಾ. ಗೇರ್‌ಬಾಕ್ಸ್ ಮತ್ತ ಆಕ್ಸಲ್ಲಿನ ಕ್ರೌನಿನ ಮೂತಿ ಪ್ಯಾರಲಲ್ ಇದ್ರ ಎರಡೂ ಕ್ರಾಸಿನ ಓರೆ ಸಮ ಇರ್ತದ. ಒಂದು ಕ್ರಾಸ್ ಮಾಡಿದ ಏರಿಳಿತ ಇನ್ನೊಂದು ಅಳಸ್ತದ. ಹಂಗಾದ್ರ ನಡುಕ ಯಾಕ ಬರ್ತದ?

ಬೀದರ್ ಮೇಡಂ

ಈ ಮಾತಿನಲ್ಲಿ ತೂಕ ಇದೆ. ಆದರೆ ಅಳಿಸಿಹೋಗುವುದು ಆ ಕಡೆ ಈ ಕಡೆ ತಿರುಗುವ ವೇಗದ ವ್ಯತ್ಯಾಸ ಮಾತ್ರ. ನಡುವಿನ ಶಾಫ್ಟ್ ತುಂಡು ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಜೊತೆಗೆ ಹವಾ ಬಸ್ಸಿನಲ್ಲಿ ಆಕ್ಸಲ್ಲನ್ನು ಹಿಡಿದಿರುವುದು ರೇಡಿಯಸ್ ರಾಡುಗಳು. ಚಾಸಿ ಏರಿದಾಗ ಮೇಲಿನ ರಾಡು, ಕೆಳಗಿನ ರಾಡು ಬೇರೆ ಬೇರೆ ಕಮಾನಿನಲ್ಲಿ ಸರಿದರೆ ಕ್ರೌನಿನ ಮೂತಿ ಸ್ವಲ್ಪ ತಿರುಗುತ್ತದೆ, ಪ್ಯಾರಲಲ್ ಉಳಿಯುವುದಿಲ್ಲ. ಈ ಬಸ್ಸಿನಲ್ಲಿ ಯಾವುದು ಎಷ್ಟು ಎಂದು ಇಲ್ಲಿ ಕುಳಿತು ಹೇಳಲು ಬರುವುದಿಲ್ಲ. ಓರೆ ಅಳೆಯುವ ಪಟ್ಟಿ ಇಟ್ಟು ಗೇರ್‌ಬಾಕ್ಸ್, ಶಾಫ್ಟ್, ಕ್ರೌನ್ ಮೂರೂ ಕಡೆ ನೋಡಬೇಕು.

ಪಾಟಾ ಕೂಡಿಸುವ ಮಾತಿಗೂ ಇದೇ ಉತ್ತರ. ಪಾಟಾ ಭಾರವನ್ನೂ ಹೊರುತ್ತದೆ, ಆಕ್ಸಲ್ ಹಿಂದೆ ಮುಂದೆ ಸರಿಯದಂತೆಯೂ ಹಿಡಿಯುತ್ತದೆ. ಹವಾ ಗಾಡಿಯಲ್ಲಿ ಈ ಎರಡು ಕೆಲಸ ಬೇರೆ ಬೇರೆ. ಪಾಟಾ ಹಾಕಿ ರೇಡಿಯಸ್ ರಾಡ್ ಹಾಗೇ ಬಿಟ್ಟರೆ ಒಂದು ಆಕ್ಸಲ್ಲಿಗೆ ಇಬ್ಬರು ಯಜಮಾನರು. ಒಬ್ಬರು ಮುಂದೆ ಎಳೆದರೆ ಇನ್ನೊಬ್ಬರು ಹಿಂದೆ. ತೆಗೆದರೆ ಚಾಸಿಯಲ್ಲಿ ಪಾಟಾದ ಬ್ರಾಕೆಟ್ ಕೂರುವ ಜಾಗಕ್ಕೆ ಆ ಬಲವೇ ಇರುವುದಿಲ್ಲ. ಕಾನೂನು ಬೇರೆ ಇದೆ, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು. ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡುವಂತಿಲ್ಲ. ಎಫ್‌ಸಿಗೆ ಹೋದಾಗ ಸಿಕ್ಕಿಬೀಳುತ್ತೀರಿ.

ಸುರಪುರದ ಡ್ರೈವರ್

ಹಂಗಾದ್ರ ಬ್ಯಾಡ ಬಿಡ್ರಿ. ಆದ್ರ ನನ್ನ ಮಾತು ನನಗ. ನಮ್ಮ ಕರಿ ಮಣ್ಣಿನ ಹಳ್ಳಿ ಹಾದಿ, ಮಳಿಗಾಲ, ದಿನಕ್ಕ ನಲವತ್ತು ಸ್ಟಾಪ್, ಟಾಪಿನ ಮ್ಯಾಲೆ ತೊಗರಿ ಚೀಲ. ಅಲ್ಲಿ ಪಾಟಾನೇ ರಾಜಾ.

ಹಳೇ ಮಿಸ್ತ್ರಿ (ಹುಮನಾಬಾದ್)

ಅದಕ್ಕ ನಾನೂ ಇಲ್ಲ ಅನ್ನಂಗಿಲ್ಲ.

ಶೋಕಿ ಕಾರು

ನನ್ನ ಕಂಪ್ರೆಸರ್ ಬಗ್ಗಿ ಯಾರೂ ಹೇಳ್ಲಿಲ್ಲ 🙁 ಇನ್ನೊಂದು, ಒಬ್ಬರು ಹವಾ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕೋಣ ಅಂತಾರ.

ಬೀದರ್ ಮೇಡಂ

ಕಂಪನಿ ಯಾವುದಾದರೂ ಸುಡುತ್ತದೆ. ಸೋರುವುದು ಬಲಗಡೆಯ ಮುಂದಿನ ಸ್ಟ್ರಟ್ ಇರಬೇಕು. ಕಾರಿನ ಪುಟ್ಟ ಎಲೆಕ್ಟ್ರಿಕ್ ಕಂಪ್ರೆಸರ್ ಸ್ವಲ್ಪ ಹೊತ್ತು ಓಡಿ ಆರಲು ಮಾಡಿದ್ದು. ಬಸ್ಸಿನದು ಇಂಜಿನ್ನಿಗೆ ಕಟ್ಟಿದ್ದು, ದಿನವಿಡೀ ಓಡುತ್ತದೆ. ಸೋರುವ ಕೊಡಕ್ಕೆ ನೀರು ತುಂಬಿ ತುಂಬಿ ನಿಮ್ಮದು ಸತ್ತಿದೆ. ಮೊದಲು ಸೋರಿಕೆ, ಆಮೇಲೆ ಕಂಪ್ರೆಸರ್, ಜೊತೆಗೆ ಅದರ ರಿಲೇ ಕೂಡ. ರಿಲೇ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ.

ಕಾಯಿಲ್ ಹಾಕಿದರೆ ಕಾರು ಓಡುತ್ತದೆ, ಆದರೆ ನೀವು ದುಡ್ಡು ಕೊಟ್ಟದ್ದೇ ಹೋಗುತ್ತದೆ. ಬಟನ್ ಒತ್ತಿ ಎತ್ತರಿಸುವುದು, ಜೋರು ಹೋಗುವಾಗ ತಾನೇ ತುಸು ತಗ್ಗುವುದು, ಹಿಂದೆ ಮೂವರು ಕುಳಿತರೂ ಮಟ್ಟ ಉಳಿಯುವುದು, ಯಾವುದೂ ಇರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಮಾತ್ರ ಸದಾ ಉರಿಯುತ್ತಿರುತ್ತದೆ. ಮರ್ಸಿಡಿಸ್ 1998ರ ಎಸ್-ಕ್ಲಾಸಿಗೆ ಏರ್‌ಮ್ಯಾಟಿಕ್ ತಂದಾಗಿನಿಂದ ಇಂಥ ಕಾರಿನ ಶಾಕ್, ಕಂಪ್ಯೂಟರ್ ಎಲ್ಲ ಹವಾ ಲೆಕ್ಕದಲ್ಲೇ ಹೊಂದಿಸಿರುತ್ತಾರೆ. ಮತ್ತೆ, ಪಂಕ್ಚರ್ ಅಂಗಡಿಯವರು ಜಾಕ್ ಹಚ್ಚುವ ಮೊದಲು ಕಾರಿನ ಪುಸ್ತಕ ನೋಡಿ ಹವಾ ಸಿಸ್ಟಮ್ ಜಾಕ್ ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ಗಾಡಿ ತಾನೇ ಮಟ್ಟ ಸರಿಮಾಡಲು ಹೋಗುತ್ತದೆ.

ಎರಡು ಬಸ್ಸಿನ ಮಾಲಕ (ಕಲಬುರಗಿ)

ಎಡಗಡಿ ಕೂಡೋದಕ್ಕ ನಾಲ್ಕೂ ಬೆಲ್ಲೋ ಬೇಕೇನ್ರಿ ಕಾಕಾ? ನಮ್ಮ ಮಿಸ್ತ್ರಿ ನಾಳಿ ಆರ್ಡರ್ ಮಾಡ್ತೀನಿ ಅನ್ನಲತ್ತಾನ.

ಹಳೇ ಮಿಸ್ತ್ರಿ (ಹುಮನಾಬಾದ್)

ತಡೀರಿ. ಸಂಜಿ ಸಪಾಟ ಜಾಗದಾಗ ನಿಲ್ಸಿ, ಹವಾ ಪೂರಾ ತುಂಬಿ ಕಟ್-ಆಫ್ ಆದ ಮ್ಯಾಲೆ ಇಂಜಿನ್ ಬಂದ್ ಮಾಡ್ರಿ. ನಾಲ್ಕೂ ಗಾಲಿ ಮ್ಯಾಲೆ ಕಮಾನಿನ ತನಕ ಟೇಪ್ ಹಿಡದು ಬರೀರಿ. ಮುಂಜಾನಿ ಬಿಸಿಲು ಬೀಳೋ ಮೊದಲ ಮತ್ತ ಅಳೀರಿ. ನಾಲ್ಕೂ ಕಡಿ ಸಮನಾಗಿ ಒಂದು ಸೆಂ.ಮೀ. ಇಳದಿದ್ರ ಅದು ರೋಗಲ್ಲ. ನಮ್ಮಲ್ಲಿ ಮೇ ತಿಂಗಳದಾಗ ಹಗಲಿಗೆ 42 ಡಿಗ್ರಿ, ನಸುಕಿಗೆ 27 ಇದ್ರ ಹವಾ ತಾನೇ ನೂರಕ್ಕ ಐದರಷ್ಟು ಕುಗ್ತದ. ಒಂದೇ ಮೂಲಿ ಕುಂತ್ರ ಅದು ಸೋರಿಕಿ.

ಆಮ್ಯಾಲೆ ಸೋಪಿನ ನೀರು. ಬೆಲ್ಲೋ ಮಡಿಕಿ, ತಳದ ಪಿಸ್ಟನ್ ಸುತ್ತ, ಪೈಪಿನ ಮೊಣಕೈ, ವಾಲ್ವಿನ ಬಾಯಿ. ವಾಲ್ವಿನ ಹವಾ ಬಿಡೋ ತೂತು ಗಾಡಿ ನಿಂತಾಗಲೂ ಗುಳುಗುಳು ಅಂದ್ರ ವಾಲ್ವು ಕೆಟ್ಟದ, ಬೆಲ್ಲೋ ಅಲ್ಲ. ಒಂದು ಕಡಿಯ ಎರಡು ಬೆಲ್ಲೋ ಒಂದೇ ಪೈಪಿನ ಮಕ್ಕಳು, ಒಂದು ಸೋರಿದ್ರ ಎರಡೂ ಕೂಡ್ತಾವ. ಕುಂತದ್ದನ್ನೆಲ್ಲಾ ಬದಲಿ ಮಾಡೋದು ಅಂಗಡಿಯವಗ ಲಾಭ. ಸೇಡಂ, ವಾಡಿ ಕಡಿ ಗಾಡಿ ಹೋಗ್ತಿದ್ರ ಇನ್ನೊಂದು ನೋಡ್ರಿ. ಅಲ್ಲಿನ ಸಿಮೆಂಟಿನ ಬಿಳಿ ಧೂಳು ರಬ್ಬರ್ ಮತ್ತ ಪಿಸ್ಟನ್ ನಡುವ ಸೇರಿ ಮರಳು ಕಾಗದದ ಹಂಗ ತಿಕ್ತದ. ಗಾಡಿ ತೊಳೀವಾಗ ಅಲ್ಲಿಗೂ ನೀರು ಬಿಡಿಸ್ರಿ.

ಒಂದು ಮಾತು ಮರೀಬ್ಯಾಡ್ರಿ. ಚಾಸಿ ಕೆಳಗ ಕಬ್ಬಿಣದ ಸ್ಟ್ಯಾಂಡ್ ಇಡದೇ ಯಾರನ್ನೂ ಕೆಳಗ ಇಳಿಸಬ್ಯಾಡ್ರಿ. ಲಿಂಕ್ ರಾಡ್ ಬಿಚ್ಚಿದಾಗ ವಾಲ್ವಿನ ಹಿಡಿಕಿಗಿ ಕೈ ತಾಗಿದ್ರ ಸಾಕು, ಬಸ್ ಒಮ್ಮಿಗೇ ಕುಂದರ್ತದ.

ಮತ್ತ ಲಿಂಕ್ ರಾಡ್ ಕಂಪನಿ ಅಳತಿಗಿ ತರ್ರಿ. ಎರಡೂ ಹಿಂದಿನ ವಾಲ್ವು ಒಂದೇ ಸಲ, ಪೂರಾ ಪ್ರೆಷರ್ ಇಟ್ಟು, ಆಕ್ಸಲ್ಲಿಗೂ ಚಾಸಿಗೂ ನಡುವ ಅಳೀಬೇಕು. ಒಂದೇ ಕಡಿ ತಿರುವಿ ಸೊಟ್ಟ ಸರಿ ಮಾಡಿದ್ರ ಭಾರ ಮೂಲಿಗೆ ಹೋಗ್ತದ. ಮುಂದ ಒಂದೇ ವಾಲ್ವು ಯಾಕ ಇಟ್ಟಾರಂದ್ರ ಅದಕ್ಕೇ, ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಅಲುಗಂಗಿಲ್ಲ.

ಕಿಟಕಿ ಸೀಟು

ಹಂಗಾದ್ರ ಆ ಹಂಪ್ ಹ್ಯಾಂಗ ದಾಟಬೇಕು?

ಹಳೇ ಮಿಸ್ತ್ರಿ (ಹುಮನಾಬಾದ್)

ಡ್ಯಾಶ್‌ಬೋರ್ಡಿನಾಗ ಬಸ್ಸಿನ ಚಿತ್ರ, ಮ್ಯಾಲೆ ಬಾಣ ಇರೋ ಸ್ವಿಚ್ ಅದ ಏನು ನೋಡ್ರಿ. ಇದ್ರ ಅದು ಇಂಥ ಜಾಗಕ್ಕೇ ಇಟ್ಟದ್ದು. ಹಂಪ್ ಬರೋ ಮೊದಲ ನಿಲ್ಸಿ, ಎತ್ತಿ, ನಡಿಗಿ ವೇಗದಾಗ ದಾಟಿ, ಇಳಿಸಬೇಕು. ಎತ್ತಿದಾಗ ಶಾಕ್ ಚಾಚೋ ಜಾಗ ಕಮ್ಮಿನೇ, ಆದ್ರ ಆ ವೇಗದಾಗ ಗಾಲಿ ಬೀಳಂಗಿಲ್ಲ, ಇಳೀತದ. ಬೆಂಗಳೂರಿನ ಲೋ ಫ್ಲೋರ್ ಬಸ್ ಸ್ಟಾಪಿನಾಗ ಬಾಗಿಲ ಕಡಿ ಬಾಗೋದೂ ಇದೇ ಆಟ, ಉಲ್ಟಾ.

ಎರಡು ಬಸ್ಸಿನ ಮಾಲಕ (ಕಲಬುರಗಿ)

ಏಳು ವಾರ ಆದ ಮ್ಯಾಲೆ ಬರೀಲತ್ತೀನಿ, ಕ್ಷಮಸ್ರಿ. ಮಧ್ಯ ಮದುವಿ ಸೀಜನ್ ಇತ್ತು.

ಸ್ವಿಚ್ ಇತ್ರಿ! ಹಿಂದಿನ ಮಾಲಕ ಅದರ ಮ್ಯಾಲೆ ದೇವರ ಸ್ಟಿಕ್ಕರ್ ಅಂಟಿಸಿದ್ದ. ವೈರ್ ಕಟ್ ಆಗಿತ್ತು, ಜೋಡಿಸಿದ್ವಿ, ಕೆಲಸ ಮಾಡ್ತದ. ಲಿಂಕ್ ರಾಡ್ ಹಳೇ ಅಳತಿಗಿ ತಂದ್ವಿ. ಅಂದಿನಿಂದ ಶಾಕ್ ಒಂದೂ ಹೋಗಿಲ್ಲ. ಎಡಗಡಿ ಟೇಪಿನಾಗ ರಾತ್ರಿಗೆ 65 ಮಿ.ಮೀ. ಇಳೀತಿತ್ತು, ಉಳದ ಮೂಲಿ 8-10. ಸೋಪಿನ ನೀರಿಗಿ ಗುಳ್ಳಿ ಬಂದದ್ದು ಬೆಲ್ಲೋಕ್ಕಲ್ಲ, ಪೈಪಿನ ಮೊಣಕೈಗಿ. ಊಟದ ಖರ್ಚಿನಷ್ಟರಾಗ ಮುಗೀತು. ಬೆಲ್ಲೋ ಆರ್ಡರ್ ಕ್ಯಾನ್ಸಲ್.

ನಡುಕ ಮಾತ್ರ ಪೂರಾ ಹೋಗಿಲ್ಲ. ಮೊದಲ 70ಕ್ಕ ಬರ್ತಿತ್ತು, ಈಗ 80ರ ಮ್ಯಾಲೆ ಸಣ್ಣಗ ಅದ. ಕ್ರಾಸ್ ಬಿಚ್ಚಿದಾಗ ಒಂದು ಕಪ್ಪಿನಾಗ ಸೂಜಿ ಗುರುತು ಬಿದ್ದಿದ್ವು, ಎರಡೂ ಹೊಸಾವು ಹಾಕ್ಸೀನಿ.

ಟರ್ಬೊ ತಮ್ಮ

ನೋಡ್ರಿ, ನಡುಕಕ್ಕ ಎತ್ತರ ಕಾರಣ ಅಲ್ಲ ಅಂದಿದ್ದೆ. ಶಾಫ್ಟ್ ಬ್ಯಾಲೆನ್ಸ್ ಮಾಡಸ್ರಿ.

ಹಳೇ ಮಿಸ್ತ್ರಿ (ಹುಮನಾಬಾದ್)

ಅರ್ಧ ಕಮ್ಮಿ ಆಗ್ಯದಲ್ಲೋ ತಮ್ಮಾ, ಆ ಅರ್ಧ ಯಾರದು? ಮಾಲಕರೇ, ರೇಡಿಯಸ್ ರಾಡ್ ಬುಷ್ ನೋಡಸ್ರಿ. ಒಬ್ಬ ಬ್ರೇಕ್ ಒತ್ತಿ ಗಾಡಿ ಹಿಂದ ಮುಂದ ಜಗ್ಗಲಿ, ಇನ್ನೊಬ್ಬ ಪಕ್ಕದಾಗ ಕುಂತು ಬುಷ್ ಕಡಿ ಬ್ಯಾಟರಿ ಬಿಡಲಿ. ಕೆಳಗ ಹೊಗಬ್ಯಾಡ್ರಿ.

ಎರಡು ಬಸ್ಸಿನ ಮಾಲಕ (ಕಲಬುರಗಿ)

ಐತವಾರ ಗಾಡಿ ಖಾಲಿ ಅದ, ನೋಡಿ ಹೇಳ್ತೀನ್ರಿ ಕಾಕಾ.

ಶೋಕಿ ಕಾರು

ಸ್ಟ್ರಟ್ ಬೆಲೆ ಕೇಳಿ ಬಂದೆ. ಯಾರಿಗಾದ್ರೂ ಕಾರ್ ಬೇಕೇನು?